ಚಿರೋಟಿಯ ಮೇಲೆ ಸಾರು

ಅಕ್ಕನ ಮಗ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು "ಮಾವ, ಇದನ್ನ ಕಳಿಸ್ಲಾ?" ಎಂದ. ಕಳಿಸಬೇಕಾಗಿದ್ದದ್ದು ಒಬ್ಬ ಹುಡುಗಿಗೆ. ಹಿಂದಿನ ವಾರ ಅವನ ಗೆಳೆಯನ ಮದುವೆಯಲ್ಲಿ ಪರಿಚಯವಾದವಳು. ಪರಿಚಯವಾದ ರೀತಿ ಮಾತ್ರ ಸ್ವಲ್ಪ ವಿಚಿತ್ರ. ಊಟದ ಪಂಕ್ತಿಯಲ್ಲಿ ಬಡಿಸಲು ಜನ ಸಾಲದೆ ಹುಡುಗರೆಲ್ಲ ಪಂಚೆ ಎತ್ತಿಕಟ್ಟಿ ನಿಂತಿದ್ದರಂತೆ. ಇವನ ಕೈಗೆ ಸಾರಿನ ಬಕೆಟ್ ಬಂತು. ಎಲೆಯ ಮೇಲೆ ಚಿರೋಟಿ, ಅದರ ಮೇಲೆ ಸಕ್ಕರೆ ಪುಡಿ, ಇನ್ನೇನು ಬಾದಾಮಿ ಹಾಲು ಬರಬೇಕು ಎಂದು ಕಾಯುತ್ತಿದ್ದ ಹಿರಿಯರೊಬ್ಬರ ಎಲೆಗೆ ಇವನು ಒಂದು ಸೌಟು ಸಾರು ಸುರಿದ. ಆ ಹಿರಿಯರು ಹುಡುಗಿಯ ಚಿಕ್ಕಪ್ಪ. ಪಕ್ಕದ ಎಲೆ ಅವಳದು. ಅಡುಗೆ ಭಟ್ಟರು ಓಡಿಬಂದು ಬಕೆಟ್ ಕಿತ್ತುಕೊಂಡು, ಇವನ ಕೈಗೆ ನೀರಿನ ಜಗ್ ಕೊಟ್ಟರು. ಆಮೇಲೆ ಕೈ ತೊಳೆಯುವ ಕಡೆ ಇಬ್ಬರೂ ಹತ್ತು ನಿಮಿಷ ಮಾತಾಡಿದರು, ನಂಬರ್ ವಿನಿಮಯವಾಯಿತು.

ಫೋನಿನಲ್ಲಿ ಇದ್ದದ್ದು ಇದು:

"ಹಾಯ್, ನೆನಪಿದೀನಾ? ಇರಲ್ಲ ಬಿಡಿ, ನನ್ನಂಥವನನ್ನ ಯಾರು ನೆನಪಿಟ್ಕೋತಾರೆ. ಮದ್ವೇಲಿ ಸಾರು ಸುರಿದ ದಡ್ಡ ನಾನು. ನಿಮ್ಮಂಥ ಸ್ಮಾರ್ಟ್ ಹುಡುಗಿ ನನ್ನ ಜೊತೆ ಮಾತಾಡ್ತೀರೋ ಇಲ್ವೋ ಗೊತ್ತಿಲ್ಲ. ರಿಪ್ಲೈ ಮಾಡ್ದಿದ್ರೂ ಬೇಜಾರಿಲ್ಲ, ನನಗೆ ಅಭ್ಯಾಸ ಆಗಿದೆ."

ಕೊನೆಯಲ್ಲಿ ಕಣ್ಣೀರು ಬರುವಷ್ಟು ನಗುವ ಮುಖಗಳು ಮೂರು.

ಹುಡುಗ ಕೆಟ್ಟವನಲ್ಲ, ಅಳುಬುರುಕನೂ ಅಲ್ಲ. ನಗಿಸಬೇಕು, ಜಂಬದವನಂತೆ ಕಾಣಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದ. ಆದರೆ ಆ ಸಂದೇಶ ಹುಡುಗಿಗೆ ಮುಟ್ಟಿದಾಗ ಅದು ತಮಾಷೆಯಾಗಿ ಉಳಿಯುವುದಿಲ್ಲ, ಅವಳಿಗೊಂದು ಕೆಲಸವಾಗುತ್ತದೆ. ಅವಳ ಜಾಗದಲ್ಲಿ ಕೂತು ಉತ್ತರ ಬರೆಯಲು ಅವನಿಗೇ ಹೇಳಿದೆ. ಸ್ವಲ್ಪ ಯೋಚಿಸಿ, "ಛೇ ಛೇ, ಹಾಗೇನಿಲ್ಲ, ನೆನಪಿದೆ" ಎಂದು ಟೈಪ್ ಮಾಡಿದ. ಬೇರೆ ಏನಾದರೂ ಬರೆಯಬಹುದೇ ಎಂದು ಕೇಳಿದರೆ ತಲೆ ಕೆರೆದುಕೊಂಡ. ಮರ್ಯಾದೆ ಬಲ್ಲ ಯಾರಿಗೇ ಆಗಲಿ ಅಲ್ಲಿ ಬೇರೆ ಉತ್ತರವೇ ಇಲ್ಲ.

ನನ್ನ ಮಟ್ಟಿಗೆ ಪರೀಕ್ಷೆ ಇದೊಂದೇ. ನಮ್ಮನ್ನು ನಾವೇ ಗೇಲಿ ಮಾಡಿಕೊಂಡು ಬರೆದ ಸಾಲನ್ನು ಓದಿದವರು "ಛೇ, ಹಾಗೇನಿಲ್ಲ" ಎಂದಲ್ಲದೆ ಬೇರೇನೂ ಹೇಳಲಾಗದಿದ್ದರೆ ಅದು ತಮಾಷೆಯಲ್ಲ, ಸಮಾಧಾನಕ್ಕೆ ಸಲ್ಲಿಸಿದ ಅರ್ಜಿ. ಓದಿದವರು ನಗಬಹುದು, ಕಾಲೆಳೆಯಬಹುದು, ತಮ್ಮದೂ ಒಂದು ಪೇಚಿನ ಪ್ರಸಂಗ ಹೇಳಬಹುದು, ಸುಮ್ಮನಿದ್ದು ಮುಂದಿನ ಮಾತಿಗೂ ಹೋಗಬಹುದು ಎಂದಿದ್ದರೆ ಮಾತ್ರ ಅದು ತಮಾಷೆ.

ಈ ಅರ್ಜಿ ಬರೆಯುವ ಚಟ ನಮಗೆ ಬಂದದ್ದು ವಾಟ್ಸಾಪಿನಿಂದಲ್ಲ. ಮನೆಗೆ ಬಂದವರಿಗೆ ಹನ್ನೆರಡು ಬಗೆ ಮಾಡಿಟ್ಟು "ಏನೂ ಮಾಡಿಲ್ಲ, ಸುಮ್ನೆ ಅನ್ನ ಸಾರು ಅಷ್ಟೆ" ಎನ್ನುತ್ತೇವೆ. ಬಂದವರು "ಅಯ್ಯೋ, ಇಷ್ಟೆಲ್ಲ ಯಾಕೆ ಮಾಡಿದ್ರಿ" ಎನ್ನಲೇಬೇಕು. ಹೊಸ ಸೀರೆ ಚೆನ್ನಾಗಿದೆ ಎಂದರೆ "ಹಳೇದು ಕಣ್ರೀ" ಎಂಬ ಉತ್ತರ ಸಿದ್ಧ. ಅಲ್ಲಿ ಅದು ಚೆಂದವೇ, ಏಕೆಂದರೆ ಇಬ್ಬರಿಗೂ ಆಟದ ನಿಯಮ ಗೊತ್ತು, ಎದುರಿಗೆ ಎಲೆ ತುಂಬಾ ಊಟವೂ ಇದೆ. ಅನ್ನ ಸಾರು ಎಂಬ ಮಾತನ್ನು ಎಲೆಯೇ ಸುಳ್ಳು ಮಾಡುತ್ತದೆ. ಹತ್ತು ನಿಮಿಷದ ಪರಿಚಯದವಳಿಗೆ ಬರೆದ ಸಂದೇಶದಲ್ಲಿ ಹಾಗೆ ಸುಳ್ಳು ಮಾಡಲು ಏನೂ ಇರುವುದಿಲ್ಲ. "ನಾನು ದಡ್ಡ" ಎಂದರೆ, ಅವಳ ಮುಂದಿರುವ ಸಾಕ್ಷ್ಯವೆಲ್ಲ ಆ ಮಾತೊಂದೇ.

ಹುಡುಗನ ಸಂದೇಶವನ್ನು ಬಿಡಿಸಿ ನೋಡಿದೆವು. ತನ್ನ ಮೇಲೆ ತಾನೇ ಹಾಕಿಕೊಂಡ ಪೆಟ್ಟುಗಳು ಐದು. ಅವುಗಳಲ್ಲಿ ಸಾರು ಸುರಿದದ್ದು ಒಂದೇ ನಿಜವಾದ ಘಟನೆ. ಉಳಿದ ನಾಲ್ಕೂ ಅವನು ಎಂಥವನು ಎಂಬ ತೀರ್ಪುಗಳು. ನೆನಪಿಟ್ಟುಕೊಳ್ಳಲು ಯೋಗ್ಯನಲ್ಲ, ದಡ್ಡ, ಮಾತಾಡಿಸಲು ಅರ್ಹನಲ್ಲ, ತಿರಸ್ಕಾರಕ್ಕೆ ಒಗ್ಗಿದವನು. ಗುಟ್ಟು ಇರುವುದು ಕನ್ನಡದ ಒಂದು ಸಣ್ಣ ಪದದಲ್ಲಿ: "ನನ್ನಂಥವನು". ಒಂದು ಸೌಟು ಸಾರು ಮಾಡಿದ ಎಡವಟ್ಟನ್ನು ಎತ್ತಿ ಅದು ಇಡೀ ಮನುಷ್ಯನ ಜಾತಕಕ್ಕೆ ಅಂಟಿಸುತ್ತದೆ. ಅದರ ಜೋಡಿ ಪದ "ನಿಮ್ಮಂಥವರು" ಇನ್ನೂ ಕೆಟ್ಟದ್ದು. ಅವಳನ್ನು ಅಟ್ಟಕ್ಕೆ ಏರಿಸಿ ತಾನು ಅಂಗಳದಲ್ಲಿ ಕೂತರೆ ಇಬ್ಬರೂ ಮಾತಾಡಲು ಕಿರುಚಬೇಕಾಗುತ್ತದೆ. ಮೊದಲ ಸಂದೇಶಗಳಲ್ಲಿ ನಾವು "ನೀವು" ಎಂದೇ ಬರೆಯುವುದರಿಂದ ಅಪಾಯ ಮತ್ತೂ ಹೆಚ್ಚು. ಬಹುವಚನಕ್ಕೆ ಅದರದೇ ಬಾಗು ಇದೆ. ಅದರ ಮೇಲೆ "ನನ್ನಂಥವನು" ಸೇರಿದರೆ ಪ್ರೇಮಪತ್ರ ಹೋಗಿ ರಜೆ ಚೀಟಿ ಆಗುತ್ತದೆ.

ಹಾಗಾದರೆ ತನ್ನನ್ನು ತಾನು ಗೇಲಿ ಮಾಡಿಕೊಳ್ಳುವುದೇ ತಪ್ಪೆ ಎಂದು ಹುಡುಗ ಕೇಳಿದ. ಅಲ್ಲವೇ ಅಲ್ಲ. ಬೀಚಿಯವರು ತಮ್ಮ ಆತ್ಮಕಥೆಗೆ "ನನ್ನ ಭಯಾಗ್ರಫಿ" ಎಂದು ಹೆಸರಿಟ್ಟರು. ಆ ಹೆಸರು ಓದಿ ಯಾರಿಗೂ "ಛೇ, ಹಾಗೇನಿಲ್ಲ ಸ್ವಾಮಿ" ಎನ್ನಬೇಕೆನಿಸುವುದಿಲ್ಲ, ಪುಸ್ತಕ ತೆರೆಯಬೇಕೆನಿಸುತ್ತದೆ. ತನ್ನನ್ನೇ ಕಂಡು ನಗುವವನು ತನ್ನ ಜೊತೆ ಆರಾಮಾಗಿದ್ದಾನೆ ಎಂಬುದು ಓದುವವರಿಗೆ ಹೇಳದೆಯೇ ಗೊತ್ತಾಗುತ್ತದೆ.

ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿ ಈ ಗೆರೆಯನ್ನೇ ಎಳೆಯುತ್ತದೆ. ಜನ ಹಾಸ್ಯವನ್ನು ಬಳಸುವ ಬಗೆಯನ್ನು ಅವರು ನಾಲ್ಕಾಗಿ ವಿಂಗಡಿಸಿದರು. ಅದರಲ್ಲಿ ಒಂದು, ಇತರರು ಮೆಚ್ಚಲಿ ಎಂದು ತನ್ನ ಗೌರವವನ್ನೇ ಬೆಲೆ ತೆತ್ತು ನಗಿಸುವುದು. ಈ ಬಗೆ ಹೆಚ್ಚಾಗಿರುವವರಲ್ಲಿ ಆತಂಕ, ಖಿನ್ನತೆ, ತಮ್ಮ ಬಗ್ಗೆ ಕೀಳರಿಮೆ ಕೂಡ ಹೆಚ್ಚು ಕಂಡುಬಂತು. ಆದರೆ ತನ್ನ ಬಗ್ಗೆ ಹಗುರವಾಗಿ ನಗುತ್ತ, ಒಳಗೆ ತನ್ನನ್ನು ಒಪ್ಪಿಕೊಂಡೇ ಇರುವ ಹಾಸ್ಯವನ್ನು ಅವರು ಆ ಗುಂಪಿಗೆ ಸೇರಿಸಲಿಲ್ಲ. ಅದನ್ನು ಜನರನ್ನು ಹತ್ತಿರ ತರುವ ಹಾಸ್ಯದ ಜೊತೆಗಿಟ್ಟರು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಇರುವುದು ಬೆಲೆ ಯಾರು ಕೊಡುತ್ತಾರೆ ಎಂಬುದು.

ಇನ್ನೂ ಹಳೆಯದೊಂದು ಪ್ರಯೋಗ ನನಗೆ ಇಷ್ಟ. 1966ರಲ್ಲಿ ಅಮೆರಿಕದಲ್ಲಿ ಎಲಿಯಟ್ ಆರನ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ವಿದ್ಯಾರ್ಥಿಗಳಿಗೆ ಧ್ವನಿಮುದ್ರಿಕೆಗಳನ್ನು ಕೇಳಿಸಿದರು. ಕ್ವಿಜ್ ತಂಡಕ್ಕೆ ಸೇರಲು ಬಂದವನೊಬ್ಬ ಪ್ರಶ್ನೆಗಳಿಗೆ ಉತ್ತರಿಸುತ್ತಿರುತ್ತಾನೆ. ಒಂದು ಮುದ್ರಿಕೆಯಲ್ಲಿ ಅವನು ಶೇಕಡಾ 92ರಷ್ಟು ಸರಿಯುತ್ತರ ಕೊಡುವ ಬುದ್ಧಿವಂತ. ಇನ್ನೊಂದರಲ್ಲಿ ಶೇಕಡಾ 30ರಷ್ಟು ಮಾತ್ರ ಹೇಳುವ ಸಾಧಾರಣ. ಕೆಲವರಿಗೆ ಕೇಳಿಸಿದ ಮುದ್ರಿಕೆಯ ಕೊನೆಯಲ್ಲಿ ಗಲಾಟೆಯ ಸದ್ದು, ಕುರ್ಚಿ ಸರಿದ ಸದ್ದು, ಜೊತೆಗೆ ಅಯ್ಯೋ ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಂಡೆನಲ್ಲ ಎಂಬ ಉದ್ಗಾರ. ಬುದ್ಧಿವಂತ ಕಾಫಿ ಚೆಲ್ಲಿಕೊಂಡಾಗ ಕೇಳಿದವರಿಗೆ ಅವನು ಇನ್ನಷ್ಟು ಇಷ್ಟವಾದ. ಸಾಧಾರಣದವನು ಅದೇ ಕಾಫಿ ಚೆಲ್ಲಿಕೊಂಡಾಗ ಇದ್ದ ಇಷ್ಟವೂ ಇಳಿಯಿತು.

ಈ ಪ್ರಯೋಗವನ್ನು ನೆನೆಯುವವರು ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ. ನಮಗೆ ಬೇಕಾದ್ದು ಎರಡನೆಯ ಅರ್ಧ. ಎಡವಟ್ಟು ತಾನಾಗಿ ಯಾರನ್ನೂ ಚೆಂದ ಮಾಡುವುದಿಲ್ಲ, ಅದರ ಹಿಂದೆ ನೆಟ್ಟಗೆ ನಿಂತ ಮನುಷ್ಯ ಇರಬೇಕು. ಹಾಗಂತ ಸಂದೇಶದಲ್ಲಿ ಸಂಬಳ, ಪದವಿ, ಸೈಟು ಬರೆಯಬೇಕೆಂದಲ್ಲ. ಬರೆದರೆ ಅದೇ ದೊಡ್ಡ ಎಡವಟ್ಟು. ನೆಟ್ಟಗೆ ನಿಂತಿದ್ದಾನೆಂಬುದು ಬೇರೆ ದಾರಿಯಲ್ಲಿ ಗೊತ್ತಾಗುತ್ತದೆ: ನಡೆದದ್ದನ್ನು ಚೆನ್ನಾಗಿ ಹೇಳಬಲ್ಲ, ಎದುರಿಗಿದ್ದವರನ್ನು ಗಮನಿಸಿದ್ದಾನೆ, ತನಗೆ ಬೇಕಾದ್ದನ್ನು ನೇರವಾಗಿ ಕೇಳುತ್ತಾನೆ.

ಆ ಮೂರನ್ನೂ ಇಟ್ಟುಕೊಂಡು ಸಂದೇಶವನ್ನು ಮತ್ತೆ ಕಟ್ಟಿದೆವು. ಮೊದಲು ತೀರ್ಪುಗಳನ್ನೆಲ್ಲ ಅಳಿಸಿ ಘಟನೆಯನ್ನು ಉಳಿಸಿಕೊಂಡೆವು. ಗೇಲಿಗೆ ಆರಿಸಿಕೊಳ್ಳುವ ತಪ್ಪು ಚಿಕ್ಕದಿರಬೇಕು, ಮುಗಿದುಹೋಗಿರಬೇಕು, ಯಾರಿಗೂ ನಿಜವಾದ ನಷ್ಟ ಆಗಿರಬಾರದು. ಸಾರಿನ ಪ್ರಸಂಗಕ್ಕೆ ಇದೆಲ್ಲ ಸಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಅವಳೂ ನೋಡಿದ್ದಾಳೆ. ಇಬ್ಬರೂ ಕಂಡ ಎಡವಟ್ಟನ್ನು ಹೇಳುವುದು ನಮ್ಮಿಬ್ಬರದೊಂದು ಕಥೆ ಇದೆ ಎಂದಂತೆ. ಇಬ್ಬರಿಗೂ ಗೊತ್ತಿಲ್ಲದ ದೌರ್ಬಲ್ಯ ಹೇಳಿಕೊಂಡರೆ ಅದು ತಪ್ಪೊಪ್ಪಿಗೆ. ಹುಡುಗ ಮೂರನೆಯ ಸಲ ಬರೆದದ್ದು ಇದು:

"ನಿಮ್ಮ ಚಿಕ್ಕಪ್ಪನ ಚಿರೋಟಿಗೆ ಸಾರು ಬಡಿಸಿದವನು ನಾನೇ. ಭಟ್ಟರು ಬಕೆಟ್ ಕಿತ್ಕೊಂಡು ನೀರಿನ ಜಗ್ ಕೊಟ್ರು ನೋಡಿ, ಅದ್ರಲ್ಲಿ ಮಾತ್ರ ನಾನು ಎತ್ತಿದ ಕೈ. ನಗು ತಡ್ಕೊಳ್ಳೋಕೆ ನೀವು ಪಡ್ತಿದ್ದ ಕಷ್ಟ ನೋಡಿದೆ, ಅದು ಊಟಕ್ಕಿಂತ ಚೆನ್ನಾಗಿತ್ತು. ಈ ಭಾನುವಾರ ಸಂಜೆ ಕಾಫಿಗೆ ಸಿಗ್ತೀರಾ? ಅಲ್ಲಿ ಬಡಿಸೋದು ಬೇರೆಯವರು."

ಇಲ್ಲಿ ಗೇಲಿ ಇದೆ, ಅರ್ಜಿ ಇಲ್ಲ. ಅವಳು ಚಿಕ್ಕಪ್ಪನ ಬಗ್ಗೆ ಬರೆಯಬಹುದು, ಜಗ್ಗಿನ ಬಗ್ಗೆ ಬರೆಯಬಹುದು, "ನಾನು ನಕ್ಕೇ ಇಲ್ಲ" ಎಂದು ಜಗಳಕ್ಕೆ ಬರಬಹುದು, ಭಾನುವಾರ ಆಗುವುದಿಲ್ಲ ಎನ್ನಲೂಬಹುದು. ಯಾವ ಉತ್ತರ ಕೊಟ್ಟರೂ ಅವಳು ಅವನ ಮನಸ್ಸನ್ನು ಹೊತ್ತು ನಡೆಯಬೇಕಿಲ್ಲ. ಚೆಲ್ಲಾಟದ ಭಾಗ ಗೇಲಿಯಲ್ಲಿ ಇಲ್ಲ ಎಂಬುದನ್ನೂ ಗಮನಿಸಿ. ಅದು ಇರುವುದು ಅವಳ ನಗುವಿನ ಸಾಲಿನಲ್ಲಿ. ಗೇಲಿ ಬಾಗಿಲು ತೆರೆಯುತ್ತದೆ ಅಷ್ಟೆ, ಒಳಗೆ ಬರುವ ಮಾತು ಅವಳ ಬಗ್ಗೆ ಇರಬೇಕು. ತನ್ನ ಪೆದ್ದುತನವನ್ನೇ ಐದು ಸಾಲು ಹಾಡಿಕೊಂಡವನು ವಿನಯವಂತನಂತೆ ಕಂಡರೂ ಮಾತಾಡಿದ್ದೆಲ್ಲ ತನ್ನ ವಿಷಯವೇ.

ನಗುವ ಮುಖಗಳನ್ನು ನಾನೇ ಅಳಿಸಿಸಿದೆ. ಹುಡುಗ ಒಪ್ಪಲಿಲ್ಲ. ಅವಿಲ್ಲದಿದ್ದರೆ ತಮಾಷೆ ಎಂದು ಗೊತ್ತಾಗುವುದು ಹೇಗೆ ಎಂದ. ಅವನ ಭಯಕ್ಕೆ ಆಧಾರ ಇದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು 2005ರಲ್ಲಿ ಇಮೇಲ್ ಕುರಿತು ಪ್ರಕಟಿಸಿದ ಪ್ರಯೋಗಗಳಲ್ಲಿ, ಬರೆದವರು ತಮ್ಮ ವ್ಯಂಗ್ಯ ಎದುರಿನವರಿಗೆ ಅರ್ಥವಾಗಿಯೇ ಆಗುತ್ತದೆ ಎಂದು ನಂಬಿದ್ದರು. ಅವುಗಳಲ್ಲೊಂದರಲ್ಲಿ ಓದಿದವರು ಊಹಿಸಿದ್ದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಸರಿಯಿರಲಿಲ್ಲ. ಬರೆಯುವಾಗ ನಮ್ಮ ತಲೆಯೊಳಗೆ ನಮ್ಮ ದನಿ ಕೇಳುತ್ತಿರುತ್ತದೆ, ಅದು ಅಕ್ಷರದ ಜೊತೆ ಹೋಗುವುದಿಲ್ಲ. ಆದ್ದರಿಂದಲೇ "ನನ್ನಂಥ ದಡ್ಡನ ಜೊತೆ ಯಾರು ಮಾತಾಡ್ತಾರೆ" ಎಂಬುದು ಎದುರಾಎದುರು, ಕಣ್ಣು ಮಿಟುಕಿಸಿ ಹೇಳಿದರೆ ದಕ್ಕಬಹುದು, ತೆರೆಯ ಮೇಲೆ ಕೇವಲ ದುಃಖದ ಮಾತಾಗಿ ಕೂರುತ್ತದೆ. ಮೂರು ನಗುವ ಮುಖ ಅಂಟಿಸಿದರೆ ಆ ದುಃಖ ಮರೆಯಾಗದು, ಅದನ್ನು ಮುಚ್ಚಿಡುತ್ತಿದ್ದಾನೆ ಎಂಬುದು ಮಾತ್ರ ಎದ್ದು ಕಾಣುತ್ತದೆ. ದನಿ ಇಲ್ಲದ ಕಡೆ ವಿವರ ಕೆಲಸ ಮಾಡಬೇಕು. ಚಿರೋಟಿ, ಬಕೆಟ್, ಜಗ್ ಇಷ್ಟು ಇದ್ದರೆ ಓದುವವರ ಕಣ್ಣಿಗೆ ದೃಶ್ಯ ಕಟ್ಟುತ್ತದೆ, ನಗು ತಾನಾಗಿ ಬರುತ್ತದೆ. ಒಂದು ಮುಖ ಇದ್ದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಮುಖ ತೆಗೆದಾಗ ಸಾಲು ಅಳುಮೋರೆಯಾಗಿ ಕಂಡರೆ, ಕೆಟ್ಟಿರುವುದು ಸಾಲು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಚಿಕ್ಕಪ್ಪ ಇನ್ನೂ ಸಿಕ್ಕಿದವರಿಗೆಲ್ಲ ಹೇಳ್ತಿದಾರೆ. ಹೊಸ ರುಚಿಯಂತೆ."

ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ. ಮೊದಲ ಗೇಲಿ ಫಲಿಸಿತಲ್ಲ ಎಂಬ ಖುಷಿಗೆ ಅದೇ ಮದ್ದನ್ನು ಮತ್ತೆ ಕುಡಿಸಲು ಹೊರಡುತ್ತಾರೆ. ಹುಡುಗನ ಹೆಬ್ಬೆರಳು ಆಗಲೇ "ಅಯ್ಯೋ ಸಾರಿ ಸಾರಿ, ನಾನು ಯಾವಾಗ್ಲೂ ಹೀಗೇ, ಆಫೀಸಲ್ಲೂ ಎಲ್ರೂ ಬೈತಾರೆ" ಎಂದು ಓಡುತ್ತಿತ್ತು. ಅವಳು ಕಾಲೆಳೆದಾಳು, ಅಂದರೆ ಆಟಕ್ಕೆ ಇಳಿದಳು. ಕ್ಷಮೆ ಕೇಳಿದರೆ ಅವಳು ನಿಜವಾಗಿ ಬೈದಳು ಎಂದಾಗುತ್ತದೆ. "ಯಾವಾಗ್ಲೂ ಹೀಗೇ" ಎಂದರೆ ಮುಗಿದುಹೋದ ಘಟನೆ ಮತ್ತೆ ಜಾತಕವಾಗುತ್ತದೆ. ತನ್ನನ್ನು ಸಮರ್ಥಿಸಿಕೊಳ್ಳುವುದೂ ಬೇಡ. ಅಂದು ಗಲಾಟೆ ಹೆಚ್ಚಿತ್ತು, ಯಾರೋ ಹಾಲು ಎಂದು ಕೂಗಿದ್ದು ಸಾರು ಎಂದು ಕೇಳಿಸಿತು ಎಂದೆಲ್ಲ ವಿವರಿಸಲು ಹೊರಟರೆ ನಗುತ್ತಿದ್ದವನಿಗೆ ಒಳಗೆ ಚುಚ್ಚಿದೆ ಎಂದು ಸಾಬೀತಾಗುತ್ತದೆ. ಅವಳು ಎಸೆದ ಚೆಂಡನ್ನು ಹಿಡಿದು ಅಷ್ಟೇ ಹಗುರಾಗಿ ಎಸೆಯಬೇಕು. ಕೊನೆಗೆ ಹೋದದ್ದು: "ಬೇಕಂದ್ರೆ ರೆಸಿಪಿ ಕೊಡ್ತೀನಿ, ಚಿಕ್ಕಪ್ಪನಿಗೆ ಮಾತ್ರ ಫ್ರೀ. ಅದಿರ್ಲಿ, ನೀವು ಹಂಪಿಗೆ ಹೋಗ್ಬೇಕು ಅಂತಿದ್ರಲ್ಲ, ಹೋದ್ರಾ?" ಒಂದು ಏಟು ಗೇಲಿ, ಆಮೇಲೆ ಅವಳ ಮಾತು. ಕೈ ತೊಳೆಯುವಾಗ ಅವಳು ಹೇಳಿದ್ದನ್ನು ಇವನು ನೆನಪಿಟ್ಟುಕೊಂಡಿದ್ದಾನೆ ಎಂಬುದು ಅವನ ಪರವಾಗಿ ಯಾವ ಜೋಕೂ ಹೇಳದಷ್ಟು ಹೇಳಿತು.

ಅಡುಗೆಯವರು ಉಪ್ಪಿನ ಅಳತೆಯನ್ನು ಗ್ರಾಮಿನಲ್ಲಿ ಹೇಳುವುದಿಲ್ಲ, ನಾನೂ ಇಷ್ಟು ಸಂದೇಶಕ್ಕೆ ಇಷ್ಟು ಗೇಲಿ ಎಂದು ಹೇಳಲಾರೆ. ಹಿಂದಿನ ಹತ್ತು ಸಂದೇಶಗಳನ್ನು ಮೇಲಕ್ಕೆ ಸರಿಸಿ ನೋಡಿದಾಗ ಮೂರು ನಾಲ್ಕರಲ್ಲಿ ನಿಮ್ಮನ್ನೇ ಬೈದುಕೊಂಡಿದ್ದರೆ ಉಪ್ಪು ಜಾಸ್ತಿಯಾಗಿದೆ ಎಂದು ತಿಳಿಯಿರಿ. ಇನ್ನೊಂದು ಗುರುತು ಅವರ ಉತ್ತರಗಳಲ್ಲೇ ಸಿಗುತ್ತದೆ. ನಗು ಕಡಿಮೆಯಾಗಿ "ಹಾಗೆಲ್ಲ ಅನ್ಕೋಬೇಡಿ" ಎಂಬಂಥ ಮಾತು ಬರತೊಡಗಿದರೆ, ಅವರು ನಿಮ್ಮ ದಾದಿಯಾಗಿದ್ದಾರೆ. ಆಗ "ಇಲ್ಲ ಇಲ್ಲ, ತಮಾಷೆ ಮಾಡ್ದೆ" ಎಂದು ವಾದಿಸಬೇಡಿ. "ಥ್ಯಾಂಕ್ಸ್, ಚೆನ್ನಾಗಿದೀನಿ. ನಿಮ್ಮ ದಿನ ಹೇಗಿತ್ತು?" ಎಂದರೆ ದಾರಿ ಸರಿಹೋಗುತ್ತದೆ.

ಗೇಲಿಗೆ ಒಗ್ಗದ ವಿಷಯಗಳೂ ಇವೆ. ನನ್ನ ಸಹೋದ್ಯೋಗಿಯೊಬ್ಬರು ಡೇಟಿಂಗ್ ಆ್ಯಪಿನಲ್ಲಿ ಸಿಕ್ಕವನಿಗೆ "ಫೋಟೋ ನೋಡಿ ಮೋಸ ಹೋಗ್ಬೇಡಿ, ನಾನು ಇದಕ್ಕಿಂತ ದಪ್ಪ" ಎಂದು ಬರೆದರು. ಅವನು ಮುಂದಿನ ಮೂರು ದಿನ "ಇಲ್ಲ, ನೀವು ಚೆನ್ನಾಗಿದೀರ" ಎನ್ನುತ್ತಲೇ ಇದ್ದ. ಮಾತು ಅಲ್ಲಿಂದ ಅಲುಗಲೇ ಇಲ್ಲ, ಕೊನೆಗೆ ಇವರಿಗೇ ಬೇಸರವಾಯಿತು. ಪ್ರೀತಿಯ ಹೊಸ್ತಿಲಲ್ಲಿ ಇಬ್ಬರೂ ಒಳಗೊಳಗೇ ಕೇಳುತ್ತಿರುವ ಪ್ರಶ್ನೆ ನಾನು ಇವರಿಗೆ ಇಷ್ಟವಾಗುತ್ತೇನಾ ಎಂಬುದು. ರೂಪ, ತೂಕ, ಬಣ್ಣ, ವಯಸ್ಸು, ಹಿಂದಿನ ಸಂಬಂಧ ಮುರಿದದ್ದು, ಇವುಗಳ ಮೇಲಿನ ಯಾವ ಜೋಕೂ ನೇರವಾಗಿ ಆ ಪ್ರಶ್ನೆಯನ್ನೇ ಜೋರಾಗಿ ಕೇಳಿದಂತೆ. ಅದೇ ಸಹೋದ್ಯೋಗಿ ಆಮೇಲೆ ಇನ್ನೊಬ್ಬರಿಗೆ ಬರೆದದ್ದು ಬೇರೆ: "ವಾಕಿಂಗ್‌ಗೆ ಅಂತ ತಗೊಂಡ ಶೂಗೆ ಮೂರು ವರ್ಷ ತುಂಬಿತು. ಇನ್ನೂ ಹೊಸದಾಗೇ ಇದೆ, ಎಷ್ಟು ಜೋಪಾನ ನೋಡಿ." ಹೆಚ್ಚುಕಡಿಮೆ ಅದೇ ಮೈಗೆ ಸಂಬಂಧಿಸಿದ ಮಾತು, ಆದರೆ ನಗುವುದು ಶೂ ನೋಡಿ. ಬಂದ ಉತ್ತರ: "ನನ್ನ ಗಿಟಾರ್‌ಗೆ ಏಳು ವರ್ಷ. ಪರಿಚಯ ಮಾಡಿಸೋಣ್ವಾ?"

ನಿಜವಾಗಿ ನೋಯುತ್ತಿರುವುದನ್ನು ಮಾತ್ರ ಜೋಕಿನ ಕವರಿಗೆ ಹಾಕಿ ಕಳಿಸಬೇಡಿ. ಕೆಲಸ ಹೋಗಿದ್ದರೆ, ಮನಸ್ಸು ಕುಗ್ಗಿದ್ದರೆ, ಹತ್ತಿರದವರಾದ ಮೇಲೆ ಅದನ್ನು ಸೀದಾ ಹೇಳುವುದೇ ಮೇಲು. ಜೋಕು ಎಂದು ನಕ್ಕವರು ಆಮೇಲೆ ನಿಜ ತಿಳಿದಾಗ ತಾವೇ ತಪ್ಪಿತಸ್ಥರಂತೆ ಕುಗ್ಗುತ್ತಾರೆ. ಇನ್ನೊಂದು ಮಿತಿಯನ್ನೂ ಹೇಳಿಬಿಡಬೇಕು. ಈ ಕುಶಲತೆಯೆಲ್ಲ ಇಲ್ಲದ ಒಲವನ್ನು ಹುಟ್ಟಿಸುವುದಿಲ್ಲ. ಎದುರಿನವರಿಗೆ ಆಸಕ್ತಿ ಇಲ್ಲದಿದ್ದರೆ ಒಳ್ಳೆಯ ಜೋಕಿಗೆ ಒಂದು ಒಳ್ಳೆಯ ನಗು ಸಿಗುತ್ತದೆ, ಅಲ್ಲಿಗೆ ಮುಗಿಯುತ್ತದೆ. ಅದನ್ನು ಅಲ್ಲೇ ಬಿಡುವುದು ಮರ್ಯಾದೆ.

ನಮ್ಮ ಹುಡುಗನಿಗೆ ನಿಜವಾದ ಪರೀಕ್ಷೆ ಬಂದದ್ದು ಆ ರಾತ್ರಿ. ಅವಳು ಹಂಪಿಯ ಬಗ್ಗೆ ಉದ್ದಕ್ಕೆ ಬರೆದು ಕೊನೆಗೆ "ಭಾನುವಾರ ಆಗಲ್ಲ" ಎಂದಿದ್ದಳು. ಕಾರಣ ಹೇಳಿರಲಿಲ್ಲ. ಅವನು "ಗೊತ್ತಿತ್ತು ಬಿಡಿ" ಎಂದು ಟೈಪ್ ಮಾಡಿದ. ಆ ಎರಡು ಪದಗಳಲ್ಲಿ ಮೊದಲ ಸಂದೇಶದ ಐದೂ ಪೆಟ್ಟು ಅಡಗಿ ಕೂತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವನೇ ಅಳಿಸಿದ. ಸ್ವಲ್ಪ ಹೊತ್ತು ಫೋನ್ ಮಂಚದ ಮೇಲೆ ಬಿಸಾಕಿ, ನೀರು ಕುಡಿದು ಬಂದು, "ಸರಿ. ಮುಂದಿನ ಶನಿವಾರ ಸಂಜೆ ಆದ್ರೆ ಹೇಳಿ" ಎಂದಷ್ಟೇ ಕಳಿಸಿದ.

ಬೆಳಗ್ಗೆ ಕಾಫಿ ಕುಡಿಯುವಾಗ ಫೋನ್ ಕಂಪಿಸಿತು. "ಶನಿವಾರ ಆಗಬಹುದು. ನಾನು ಬಿಳಿ ಡ್ರೆಸ್ ಹಾಕ್ಕೊಂಡು ಬರಲ್ಲ, ಗೊತ್ತಲ್ಲ ಯಾಕೆ ಅಂತ."